ಹೊಳೆಯೂ ಹೊರಗೆ ಕೂತ ದಿನ

೧೯೮೮ರ ಕರ್ಕ ಸಂಕ್ರಮಣದ ಮರುದಿನ, ಮುಟ್ಟಾಗಿ ಹೊರಗೆ ಕೂತಿದ್ದ ನನ್ನ ಮಗಳು ಸುಲಭಾ ಮರೆತು ದೇವರ ತಂಬಿಗೆ ಮುಟ್ಟಿದಳು. ಅತ್ತೆ ಪದ್ಮಾಬಾಯಿ ಅವಳಿಗೆ ಅನ್ನ ಹಾಕಲೊಪ್ಪಲಿಲ್ಲ.

"ಪಾಪ ಹೋಗಬೇಕಂದ್ರ ತುಂಗಭದ್ರಾದಾಗ ಮುಳುಗಬೇಕು. ಆದ್ರ ಸಂಕ್ರಮಣದಿಂದ ಮೂರು ದಿನಾ ಹೊಳಿನೇ ರಜಸ್ವಲಾ. ಈಗ ಸ್ನಾನ ಮಾಡಿದ್ರ ಪುಣ್ಯ ಅಲ್ಲ, ದೋಷ."

"ಎಲ್ಲಾರ ಪಾಪ ತೊಳಿಯೋ ಗಂಗವ್ವನೂ ಹೊರಗ ಕೂತಾಳಂದಂಗಾತಲ್ರೀ ಅತ್ಯಾ! ಇಬ್ಬರೂ ಕೂಡೇ ಉಣ್ಣಲಿ ಬಿಡ್ರಿ."

ಡಬ್ಬಿ ಕಟ್ಟಿಕೊಂಡು, ಕೆಲಸಕ್ಕೆ ರಜೆ ಹಾಕಿ, ಮಗಳೂ ನಾನೂ ರಾಣೆಬೆನ್ನೂರಿನಿಂದ ಹೊಳೆಗೆ ಬಸ್ಸು ಹತ್ತಿದೆವು.

ನದಿಯ ಮೆಟ್ಟಿಲುಗಳ ಮೇಲೆ ಜನರಿರಲಿಲ್ಲ. ಹೊಸ ನೀರು ಕೆಂಪಗಿತ್ತು. ಮಳೆಗಾಲದ ತಣ್ಣನೆ ಗಾಳಿಯಲ್ಲೂ ಅದು ಮೈಯಂತೆ ಬೆಚ್ಚಗಿತ್ತು. ಉಂಡು ಕೈ ತೊಳೆದು ತಿರುಗಿದರೆ, ಮಗಳ ಅರ್ಧ ಜೋಳದ ಭಕ್ರಿ ದೂರದ ಮೆಟ್ಟಿಲ ಮೇಲಿತ್ತು.

"ಯಾರಿಗದು?"

"ಅಲ್ಲಿ ಕೂತಾಳಲ್ಲ, ಆ ಕಾಕುಗ. 'ಮುಟ್ಟಬ್ಯಾಡ, ನಂದೂ ಇವತ್ತ ಎರಡನೇ ದಿನ' ಅಂದ್ಲು."

ಅಲ್ಲಿ ಯಾರೂ ಇರಲಿಲ್ಲ. ಒಣಗಲ್ಲಿನ ಮೇಲೆ ಒಬ್ಬರು ಕೂತೆದ್ದಷ್ಟು ಜಾಗ ಒದ್ದೆಯಾಗಿತ್ತು. ಕೈಯಿಟ್ಟೆ. ಬೆಚ್ಚಗಿತ್ತು.

ನಾವು ಮುಳುಗಲಿಲ್ಲ. ಮನೆಗೆ ಬಂದು ಮಗಳನ್ನು ಒಳಗೇ ಕೂಡಿಸಿ ಬಡಿಸಿದೆ.

"ಹೊಳಿ ಏನಂತು?" ಎಂದು ಅತ್ತೆ ಚುಚ್ಚಿದರು.

"ಕೂಡ ಕೂತು ಉಂಡ್ಲು" ಅಂದೆ.

ಅಂದಿನಿಂದ ನಮ್ಮಲ್ಲಿ ಯಾರೂ ಹೊರಗೆ ಕೂಡುವುದಿಲ್ಲ. ಆದರೆ ಪ್ರತಿವರ್ಷ ಕರ್ಕ ಸಂಕ್ರಮಣಕ್ಕೆ ಹಿತ್ತಿಲ ಪಡಸಾಲೆಯಲ್ಲಿ ಮಗಳು ಕೂಡುತ್ತಿದ್ದ ಮೂಲೆ ಒದ್ದೆಯಾಗುತ್ತದೆ. ನಾಲ್ಕನೆಯ ದಿನ ತಾನೇ ಒಣಗುತ್ತದೆ. ನಾನು ಒರೆಸುವುದಿಲ್ಲ. ಅಲ್ಲೊಂದು ತಾಟು ಬಡಿಸಿಟ್ಟು, "ಒಳಗ ಬಾರವ್ವಾ" ಎಂದು ಕರೆಯುತ್ತೇನೆ. ತೊಳೆಯಲು ಹೋದಾಗ ತಾಟು ಬರಿದಾಗಿರುತ್ತದೆ.