ವಾಹನ ಬರುವ ಕಡೆ

"ಪೆನ್ ಬ್ಯಾಡ್ರಿ. ಇದರಾಗ ಬರೀರಿ."

ಕೈಯಿಂದ ಪೆನ್ನು ತೆಗೆದುಕೊಂಡು ಪೆನ್ಸಿಲ್ ಇಟ್ಟವನನ್ನು ಮಹಾನಂದಾ ದುರುಗುಟ್ಟಿ ನೋಡಿದಳು. ಒಂದು ದಿನವೂ ಮಾತಾಡಿಸದವನಿಗೆ ಇಷ್ಟು ಸಲಿಗೆಯೇ?

"ತ್ಯಾವ ತಾಗಿದ್ರ ಶಾಯಿ ಹರಡ್ತದ. ಐದು ವರ್ಷ ಇರಬೇಕಲ್ರೀ," ಎಂದು ಅವನು ಮುಂದಿನ ಮೇಜಿಗೆ ಹೋದ.

ಅದು 2009. ಹೆಬ್ಬಗೋಡಿಯ ಸರ್ಕ್ಯೂಟ್ ಬೋರ್ಡ್ ಕಾರ್ಖಾನೆಯ ಹೊಸ ಕಟ್ಟಡದಲ್ಲಿ, ಐದು ವರ್ಷದ ಬಳಿಕ ತೆರೆಯುವ ಕಾಲಪೆಟ್ಟಿಗೆ ಇಡುವ ದಿನ. ಆ ಹೊತ್ತಿನ ತಮಗೆ ಪ್ರತಿಯೊಬ್ಬರೂ ತಾವೇ ಪತ್ರ ಬರೆಯಬೇಕು. ದೊಡ್ಡ ಕನಸು ಬೇಡ, ಇವತ್ತಿನ ಭಯ, ಅಭ್ಯಾಸ, ಸಣ್ಣ ಸಂತೋಷ ಬರೆಯಿರಿ, ಮೊದಲು ಮರೆಯುವುದು ಅವನ್ನೇ ಎಂದಿದ್ದರು ಮ್ಯಾನೇಜರ್ ಶೋಭಾರಾಣಿ.

ಪ್ಯಾಕಿಂಗ್ ವಿಭಾಗದ ಪಂಚಾಕ್ಷರಿ, ಅಂದರೆ ಆ ಪೆನ್ಸಿಲ್‌ನವನೇ, ಹೆಸರು ಬರೆದು ಅಂಟಿಸಿದ ಲಕೋಟೆಗಳನ್ನು ಸ್ಟೀಲ್ ಡಬ್ಬದಲ್ಲಿ ಜೋಡಿಸಿದ. ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನಿಟ್ಟು, ರಬ್ಬರ್ ಉಂಗುರದ ಮುಚ್ಚಳ ಬಿಗಿದ. ಡಬ್ಬ ಗೋಡೆಯ ಗೂಡು ಸೇರಿತು. ಮೇಲೆ 2014 ಎಂದು ಕೆತ್ತಿದ ಕಲ್ಲು.

ಆಮೇಲೆ ಇಬ್ಬರೂ ಸ್ನೇಹಿತರಾದರು. ಈಗ 2014. ಹೋದ ವರ್ಷ ಅವಳ ಅವ್ವ ತೀರಿಕೊಂಡಾಗ ಓಡಾಡಿದವನು ಅವನೇ. ತಿಂಗಳಾದ ಮೇಲೆ, ಮದುವೆಯಾಗೋಣವೇ ಎಂದು ಕೇಳಿದ.

"ಕನಿಕರಕ್ಕ ನನ್ನ ಕಟ್ಟಿಕೋಬ್ಯಾಡ್ರಿ," ಎಂದಿದ್ದಳು ಅವಳು.

ಅವನು ವಾದಿಸಲಿಲ್ಲ. ಪೀಣ್ಯದ ಶಾಖೆಗೆ ವರ್ಗ ಕೇಳಿಕೊಂಡ. ಇವತ್ತು ಇಲ್ಲಿ ಅವನ ಕೊನೆಯ ದಿನ...

ಇವತ್ತೇ ಕಲ್ಲು ತೆಗೆದರು. ಮುಚ್ಚಳ ಸಡಿಲಿಸಿದಾಗ ಎಲ್ಲರೂ ಇಣುಕಿದರು. ಒಂದು ಕಾಗದಕ್ಕೂ ತೇವ ತಾಗಿರಲಿಲ್ಲ. ಪೆನ್ಸಿಲ್ ಗೆರೆಗಳು ಈಗಷ್ಟೇ ಬರೆದಂತಿದ್ದವು.

ಮಹಾನಂದಾ ತನ್ನ ಲಕೋಟೆ ಬಿಡಿಸಿದಳು.

'ಭಯ: ಹೊಸೂರು ರಸ್ತೆ ದಾಟುವುದು. ಸೂಪರ್‌ವೈಸರ್ ಜೊತೆ ಮಾತಾಡುವುದು.'

ಅವಳಿಗೆ ನಗು ಬಂತು. ಈಗ ಅವಳೇ ಸೂಪರ್‌ವೈಸರ್! ಆ ಭಯಗಳೆಲ್ಲ ಯಾವಾಗ ಎದ್ದು ಹೋದವು?

'ಅಭ್ಯಾಸ: ಬೀಗ ಎರಡು ಸಲ ಎಳೆದು ನೋಡುವುದು.' ಅದು ಮಾತ್ರ ಹೋಗಿಲ್ಲ.

'ಸಣ್ಣ ಸಂತೋಷ: ಸಂಜೆ ರಸ್ತೆ ದಾಟುವಾಗ ಒಬ್ಬರು ವಾಹನ ಬರುವ ಕಡೆಗೆ ನಿಲ್ಲುತ್ತಾರೆ. ಡಿವೈಡರ್ ಆದ ಮೇಲೆ ಪಕ್ಕ ಬದಲಿಸುತ್ತಾರೆ. ಮಾತಾಡುವುದಿಲ್ಲ. ಈಗ ಪೆನ್ಸಿಲ್ ಕೊಟ್ಟವರು ಅವರೇ. ಹೆಸರು ಗೊತ್ತಿಲ್ಲ.'

ಅಕ್ಷರಗಳು ಮಂಜಾದವು. ಅವ್ವ ಗಟ್ಟಿಮುಟ್ಟಾಗಿದ್ದ ದಿನಗಳವು. ಆಗ ಕನಿಕರಪಡಲು ಏನಿತ್ತು? ನಾನು ಮರೆತದ್ದನ್ನು ನನ್ನ ಕೈಬರಹವೇ ಕಾಯ್ದುಕೊಂಡಿತ್ತಲ್ಲ...

ಗೇಟಿನ ಬಳಿ ಅವನು ಚೀಲ ಹೆಗಲಿಗೇರಿಸುತ್ತಿದ್ದ. ಅವಳು ಪತ್ರ ಕೊಟ್ಟಳು. ಅವನು ನಿಧಾನವಾಗಿ ಓದಿದ.

"ಆವಾಗಿಂದನಾ?" ಅವಳು ಕೇಳಿದಳು. "ಹೇಳಬಾರದಿತ್ತೇನ್ರಿ?"

"ಹೇಳಿದ್ರ ನಂಬ್ತಿದ್ರೇನು?"

ಅವಳು ತಲೆ ತಗ್ಗಿಸಿದಳು. "ಇಲ್ಲ. ನಾ ಬರೆದದ್ದಕ್ಕ ನಂಬೀನಿ."

ಇಬ್ಬರೂ ರಸ್ತೆಯ ಅಂಚಿಗೆ ಬಂದರು. ಅವನು ರೂಢಿಯಂತೆ ಬಲಕ್ಕೆ ಸರಿಯಲು ಹೋದ. ಮಹಾನಂದಾ ಅವನ ತೋಳು ಹಿಡಿದು ಈಚೆ ಎಳೆದಳು.

"ಇವತ್ತು ಆ ಕಡೆ ನಾ ನಿಲ್ತೀನ್ರಿ."

"ಡಿವೈಡರ್ ಆದ ಮ್ಯಾಲೆ?"

"ಆಮೇಲೂ ನಾನೇ. ಮದುವಿ ಆದ ಮ್ಯಾಲೆ ಪಾಳಿ ಹಚ್ಚೋಣು."