ಕೇತಲೆ ಒಡೆದ ಗಡಿಗೆ

ಕಾರ್ತಿಕ ಶುದ್ಧ ತದಿಗೆ. ಬೆಳಗ್ಗೆ ಚಳಿ ಇತ್ತು, ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಇದು ಬಹಳ ಹಿಂದಿನ ಮಾತು, ಕಂಚುಗೇರಿ ಎಂಬ ರಾಜ್ಯದ ಮಾತು. ಆ ದಿನ ರಾಜನ ಗಂಟೆಗಾರ ಮಾಚೋಜನ ಮಗಳು ಕೇತಲೆ ತನ್ನ ನೂರನೆಯ ಗಂಟೆಯನ್ನು ಅಚ್ಚಿನಿಂದ ಬಿಡಿಸಿದಳು.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಹೊಸ ಗಂಟೆಗೆ ನಾಲಿಗೆ ಕಟ್ಟುವ ಮೊದಲು ಮನೆಯ ಹಿರಿಯ ಬಂದು ಬೆರಳಿನ ಗೆಣ್ಣಿನಿಂದ ಮೂರು ಸಲ ತಟ್ಟಬೇಕು. ನಾದ ಮನಸ್ಸಿಗೆ ಬಂದರೆ ಬಾಯಿ ಮುಚ್ಚಿಕೊಂಡೇ "ಹೂಂ" ಎನ್ನಬೇಕು. ಸಾಧಾರಣವಾಗಿದ್ದರೆ "ಆಗಬಹುದು" ಅಂದರೂ ಸಾಕು, ಗಂಟೆ ತೂಗುಹಾಕಬಹುದು.

ಮಾಚೋಜ ಬಂದ, ತಟ್ಟಿದ, ತಲೆ ಓರೆ ಮಾಡಿ ಕೇಳಿದ. "ಬಾಯಂಚು ಒಂದು ಎಳೆ ದಪ್ಪ ಆಯ್ತು. ಆಗಬಹುದು" ಎಂದು ಕೈ ತೊಳೆಯಲು ಹೋದ.

ಹದಿನಾಲ್ಕು ವರ್ಷ, ನೂರು ಗಂಟೆ, ನೂರು ಆಗಬಹುದು. ಕೇತಲೆಗೆ ಆಗ ಮೂವತ್ತೆರಡು ವರ್ಷ. ಅರಮನೆಯವರು ಅವಳ ಗಂಟೆಗಳನ್ನು ಕೇಳಿ ಪಡೆಯುತ್ತಿದ್ದರು. ಅದು ಅವಳಿಗೆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಪ್ಪ ತಟ್ಟುವಾಗ ಅವಳು ಗಂಟೆಯ ನಾದ ಕೇಳುತ್ತಿರಲಿಲ್ಲ, ಅಪ್ಪನ ಗಂಟಲನ್ನೇ ನೋಡುತ್ತಿದ್ದಳು.

ತಾಯಿ ಬಾಚಬ್ಬೆ ಸಮಾಧಾನ ಹೇಳುತ್ತಿದ್ದಳು. "ನೀನಿಲ್ಲದಾಗ ನಿಮ್ಮಪ್ಪ ನಿನ್ನ ಹೊಗಳ್ತಾರೆ ಕಣೆ."

"ಯಾರ ಹತ್ರ?"

"ಯಾರ ಹತ್ರಾನೂ ಅಲ್ಲ. ಮುಖ ನೋಡಿದ್ರೆ ಗೊತ್ತಾಗುತ್ತೆ."

ಅದೇ ವಾರ ಉತ್ತರದ ಮಂಜಿನ ಕಾವಲಿನಿಂದ ಎರೆಯ ಎಂಬ ದನಗಾಹಿ ಬಂದ. ಕಾವಲೆಂದರೆ ವರ್ಷದಲ್ಲಿ ಎಂಟು ತಿಂಗಳು ಮಂಜು ಮುಚ್ಚಿರುವ ದೊಡ್ಡ ಹುಲ್ಲುಗಾವಲು. ಅಲ್ಲಿನ ಗುಡ್ಡದ ಗವಿಯಲ್ಲಿ ಸವಿಗೊರಳ ಎಂಬ ಮಾಯಾವಿ ಇದ್ದ. ಅವನಿಗೆ ಸ್ವಂತ ದನಿ ಇರಲಿಲ್ಲ, ಬೇರೆಯವರ ದನಿ ಕದ್ದು ಗಡಿಗೆಗಳಲ್ಲಿ ತುಂಬಿಡುತ್ತಿದ್ದ. ಮಂಜಿನೊಳಗೆ ನಿಂತು ತಾಯಿಹಸುವಿನ ದನಿಯಲ್ಲಿ ಕೂಗುತ್ತಿದ್ದ. ಕರುಗಳು ಆ ಕೂಗಿನ ಹಿಂದೆ ಹೋಗಿ ಮತ್ತೆ ಬರುತ್ತಿರಲಿಲ್ಲ. ಒಂದೊಂದು ಹಸುವಿಗೂ ಒಂದೊಂದು ನಾದದ ಗಂಟೆ ಇದ್ದರೆ ಕರುಗಳು ಮೋಸಹೋಗುವುದಿಲ್ಲ ಎಂದು ಎರೆಯ ಕೈಮುಗಿದ.

ದನದ ಕೊರಳಿಗೆ ಕಟ್ಟುವ ಗಂಟೆ ಈ ಕುಲುಮೆಯಲ್ಲಿ ಆಗುವುದಿಲ್ಲ ಎಂದು ಮಾಚೋಜ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದ.

ಕೇತಲೆ ಬಾಗಿಲ ಹಿಂದೆ ನಿಂತು ಕೇಳಿದ್ದಳು. ಎರೆಯ ಹಸುಗಳ ಹೆಸರು ಒಂದೊಂದಾಗಿ ಹೇಳಿದಾಗ ಅವಳಿಗೆ ಒಂದೊಂದಕ್ಕೂ ಒಂದು ನಾದ ಕೇಳಿಸಿತ್ತು. ತಾನು ಮಾಡಬೇಕಾದ ಕೆಲಸ ಇದೇ ಎಂದು ಆ ಕ್ಷಣ ಗೊತ್ತಾಯಿತು. ಗೊತ್ತಾದ ಮೇಲೆ ಅವಳು ಮಾಡಿದ್ದು ಒಂದೇ, ಕಾವಲಿಗೆ ಹೋಗಲೇ ಎಂದು ಅಪ್ಪನನ್ನು ಕೇಳಿದ್ದು.

ಊಟಕ್ಕೆ ಬಡಿಸುತ್ತ ಕೇಳಿದಳು. ಕುಲುಮೆಯ ಬೂದಿ ಬಳಿಯುತ್ತ ಕೇಳಿದಳು. ತಾಯಿಯ ಕೈಲಿ ಕೇಳಿಸಿದಳು. ಮೂರು ಸಲವೂ ಮಾಚೋಜ ಮುಖ ಎತ್ತದೆ "ನಿನ್ನಿಷ್ಟ" ಅಂದ. ಆ ಮನೆಯಲ್ಲಿ ನಿನ್ನಿಷ್ಟ ಎಂದರೆ ಬೇಡ ಎಂದೇ. ಮೂರು ಸಲವೂ ಕೇತಲೆ ಕಟ್ಟಿದ ಗಂಟು ಬಿಚ್ಚಿದಳು. ರಾತ್ರಿಯೆಲ್ಲ ಮನಸ್ಸಿನಲ್ಲೇ ಅಪ್ಪನೊಡನೆ ವಾದ ಮಾಡಿ ಗೆಲ್ಲುತ್ತಿದ್ದಳು. ಬೆಳಗ್ಗೆ ಎದುರಾದಾಗ, ಗಂಜಿಗೆ ಉಪ್ಪು ಸರಿಯಾಗಿದೆಯೇ ಎಂದು ಕೇಳುತ್ತಿದ್ದಳು.

ಒಂದೇ ಒಂದು ಸಲ ಅಪ್ಪ ಹೂಂ ಅಂದುಬಿಟ್ಟರೆ, ಆಮೇಲೆ ಎಲ್ಲಿಗೆ ಬೇಕಾದರೂ ಹೋಗಬಲ್ಲೆ ಅನ್ನಿಸಿತು ಅವಳಿಗೆ. ಮಾಯಾವಿಯ ಬಳಿ ಎಲ್ಲರ ದನಿಯೂ ಇದೆಯಲ್ಲ. ಒಂದು ಮುಂಜಾನೆ ಅವಳು ಗವಿಯ ದಾರಿ ಹಿಡಿದಳು.

ಗವಿಯಲ್ಲಿ ಸಾಲು ಸಾಲು ಗಡಿಗೆ, ಒಂದೊಂದರ ಮುಂದೆಯೂ ಒಬ್ಬರು. ಯಾರೂ ಮಕ್ಕಳಲ್ಲ. ನರೆತ ತಲೆಯವರು, ಮೊಮ್ಮಕ್ಕಳನ್ನು ಕಂಡವರು. ಎಲ್ಲರೂ ಗಡಿಗೆಯ ಬಾಯಿಗೆ ಕಿವಿಯಿಟ್ಟು ಕೂತಿದ್ದರು. ಕೆಲವರ ಹೆಗಲ ಮೇಲೆ ಪಾಚಿ ಬೆಳೆದಿತ್ತು.

ಸವಿಗೊರಳ ಅವಳ ತಾಯಿಯ ದನಿಯಲ್ಲಿ ಬಾರಮ್ಮ ಎಂದು ಕರೆದ. ಒಂದು ಕೆಲಸಕ್ಕೆ ಒಂದು ಹೂಂ ಎಂದ.

ಮೊದಲ ಕೆಲಸ, ತಾಮ್ರಪಟ್ಟೆ ಹುಲಿಯ ಕೊರಳಿಗೆ ಗಂಟೆ ಕಟ್ಟುವುದು. ತನ್ನ ಹೆಜ್ಜೆಯ ಸದ್ದು ತನಗೇ ಕೇಳಿಸದೆ ಆ ಹುಲಿ ನೂರು ವರ್ಷ ಒಂಟಿಯಾಗಿ ಅಲೆದಿತ್ತು. ಕೇತಲೆ ಹತ್ತಿರ ಹೋಗಿ ಗಂಟೆ ಅಲ್ಲಾಡಿಸಿದಳು. ಹುಲಿ ತಾನಾಗಿ ಕೊರಳು ಕೊಟ್ಟಿತು. ಅವಳು ಗವಿಗೆ ಬಂದು ಗಡಿಗೆಗೆ ಕಿವಿಯಿಟ್ಟಳು. ಅಪ್ಪನದೇ ದನಿ. ಹೂಂ. ಅವಳು ಅತ್ತಳು, ನಕ್ಕಳು, ಮನೆಯ ಕಡೆ ಓಡಿದಳು. ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಅನುಮಾನ ಬಂತು. ಅದು ಗಂಟೆಗೆ ಅಂದದ್ದೋ, ನನಗೆ ಅಂದದ್ದೋ? ಅವಳು ತಿರುಗಿ ಬಂದಳು.

ಎರಡನೆಯ ಕೆಲಸ, ಜಲಪಾತದ ಹಿಂದಿನ ನೀರಹಾವಿನ ಹೆಡೆಯಿಂದ ಬೆಳ್ಳಿಯ ಚೂರು ತರುವುದು. ಹಾವಿಗೆ ಆ ಚೂರು ಚುಚ್ಚಿ ನೋವಾಗಿತ್ತು. ಕೇತಲೆ ಇಕ್ಕಳದಿಂದ ಮೆಲ್ಲಗೆ ಕಿತ್ತಳು. ಹಾವು ಅವಳಿಗೆ ದಾರಿ ಬಿಟ್ಟಿತು. ಈ ಸಲದ ಹೂಂ ಗವಿಯ ಬಾಗಿಲು ದಾಟುವವರೆಗೂ ಬಾಳಲಿಲ್ಲ.

ಮೂರನೆಯ ಕೆಲಸ ಹೇಳುವಾಗ ಸವಿಗೊರಳ ಮಾಚೋಜನ ದನಿಯಲ್ಲೇ ಮಾತಾಡಿದ. ಕಾವಲಿನ ಕರುಗಳೆಲ್ಲ ಒಂದೇ ಸಲ ಗವಿಗೆ ಓಡಿಬರುವಂಥ ಗಂಟೆ ಎರೆದುಕೊಡು, ದಿನಕ್ಕೊಂದು ಹೂಂ ಕೊಡುತ್ತೇನೆ, ಸಾಯುವವರೆಗೆ, ಎಂದ.

ಕೇತಲೆ ಅಚ್ಚಿಗೆ ಮಣ್ಣು ಕಲಸತೊಡಗಿದಳು. ಪಕ್ಕದಲ್ಲಿ ಅರವತ್ತು ದಾಟಿದವನೊಬ್ಬ ಕೂತಿದ್ದ. ಅವನ ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತಂತೆ.

"ಅಪ್ಪನ ಹೂಂ ಸಿಕ್ಕ ಮೇಲೆ ಏನು ಮಾಡಬೇಕು ಅಂತಿದ್ರಿ ಅಣ್ಣ?"

ಅವನು ಅದನ್ನು ನೆನಪಿಸಿಕೊಳ್ಳಬೇಕಾಯಿತು. "ದೋಣಿ ಕಟ್ಟಬೇಕು ಅಂತಿತ್ತು" ಎಂದ. "ಇರು ತಂಗಿ. ಇನ್ನೊಂದೇ ಸಲ ಕೇಳಿಬಿಡ್ತೀನಿ."

ಕೇತಲೆ ಕೈಯಲ್ಲಿದ್ದ ಮಣ್ಣನ್ನು ನೋಡಿದಳು. ಕಾವಲಿಗೆ ಹೋಗಲು ಅಪ್ಪಣೆ ಬೇಕೆಂದು ಬಂದವಳು, ಆ ಅಪ್ಪಣೆಗಾಗಿ ಕಾವಲಿನ ಕರುಗಳನ್ನೇ ಕೊಡಲು ಹೊರಟಿದ್ದಳು. ಮಣ್ಣು ಅಲ್ಲೇ ಬಿಟ್ಟು ಎದ್ದಳು.

ಮನೆಗೆ ಬಂದಾಗ ಮಾಚೋಜ ಜಗಲಿಯಲ್ಲಿ ಇಕ್ಕಳ ಒರೆಸುತ್ತಿದ್ದ. ಈ ಸಲ ಅವಳು ಕೇಳಲಿಲ್ಲ.

"ಅಪ್ಪ, ನಾಡಿದ್ದು ಕಾವಲಿಗೆ ಹೋಗ್ತೀನಿ. ದನಕ್ಕೆ ಗಂಟೆ ಎರೆಯೋಕೆ. ಅಲ್ಲೇ ಇರ್ತೀನಿ."

"ಅರಮನೆ ಬಿಟ್ಟು ಕೊಟ್ಟಿಗೆಗೆ" ಎಂದ ಮಾಚೋಜ.

ಅವಳ ಬಳಿ ಹದಿಮೂರು ಕಾರಣ ಸಿದ್ಧವಿದ್ದವು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅಪ್ಪ ಒಪ್ಪಲಿ ಎಂದೇ ಅವುಗಳನ್ನು ಜೋಡಿಸಿದ್ದೆಂದು ಈಗ ತಿಳಿಯಿತು. ಒಂದನ್ನೇ ಹೇಳಿದಳು. "ಆ ಕೆಲಸ ನನಗೆ ಬೇಕು ಅಪ್ಪ."

"ನನಗಿಷ್ಟ ಇಲ್ಲ."

"ಗೊತ್ತು."

ನಿನ್ನಿಷ್ಟ ಎನ್ನುತ್ತಿದ್ದವನು ಮೊದಲ ಸಲ ಬೇಡ ಎಂದು ಬಾಯಿಬಿಟ್ಟು ಹೇಳಿದ್ದ. ಅದೇ ಅವಳಿಗೆ ಎಷ್ಟೋ ಹಗುರವೆನಿಸಿತು. ಆದರೂ, ಹಾಗಾದರೆ ಹೋಗುವುದಿಲ್ಲ ಬಿಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹುಲಿಯ ಮುಂದೆ ನಿಂತಾಗ ಇಷ್ಟು ಭಯವಾಗಿರಲಿಲ್ಲ. ಬಾಚಬ್ಬೆ ಕಣ್ಣೊರೆಸಿಕೊಂಡು, ನನ್ನ ಎದೆ ಯಾಕೋ ಹಿಡಿದ ಹಾಗಾಗುತ್ತೆ ಎಂದಳು. ಕೇತಲೆ ನೀರು ಕೊಟ್ಟಳು, ಬೆನ್ನು ಸವರಿದಳು, ಮಾತು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ. ಸಿಟ್ಟು ಮಾಡಿಕೊಂಡು ಹೊರಡಲೂ ಇಲ್ಲ. ಮೂವರೂ ಒಟ್ಟಿಗೆ ಕೂತು ಉಂಡರು.

ಹೊರಡುವ ದಿನ ಮಾಚೋಜ ಬಾಗಿಲಿಗೆ ಬಂದ. "ನಿಮ್ಮ ಚಿಕ್ಕಪ್ಪನಿಗೆ ಒಂದು ಸಲ ಹೂಂ ಅಂದಿದ್ದೆ" ಎಂದ. "ಮಾರನೇ ದಿನ ಉಬ್ಬಿಕೊಂಡು ಅಚ್ಚು ಒಣಗೋ ಮೊದಲೇ ಎರೆದ. ಕಂಚು ಸಿಡಿದು ಮುಖದ ಮೇಲೆ ಬಿತ್ತು. ಉಳೀಲಿಲ್ಲ."

ಇಷ್ಟು ಮಾತು ಅವನು ಒಮ್ಮೆಗೇ ಆಡಿದ್ದನ್ನು ಅವಳು ಕೇಳಿರಲಿಲ್ಲ. ಅವನ ಪಾದ ಮುಟ್ಟಿ ನಮಸ್ಕರಿಸಿದಳು. ಅವನು ಹರಸಲಿಲ್ಲ. ಅವಳು ಹೊರಟಳು.

ಕಾವಲಿನಲ್ಲಿ ಸಣ್ಣ ಕುಲುಮೆ ಹೂಡಿದಳು. ಮೊದಲ ಗಂಟೆ ಬಿಡಿಸಿದಾಗ ಅಭ್ಯಾಸಬಲದಿಂದ ಹಿಂದೆ ತಿರುಗಿ ನೋಡಿದಳು. ಹಿರಿಯರು ಯಾರೂ ಇರಲಿಲ್ಲ, ಒಂದು ಹಸು ನಿಂತಿತ್ತು. ತಾನೇ ಗೆಣ್ಣಿನಿಂದ ತಟ್ಟಿದಳು. ನೂರು ಗಂಟೆ ಎರೆದವಳು ಮೊದಲ ಸಲ ತನ್ನ ಗಂಟೆಯ ನಾದ ಕೇಳಿದಳು. ಬಾಯಂಚು ನಿಜಕ್ಕೂ ಒಂದು ಎಳೆ ದಪ್ಪವಿತ್ತು. ಅರದಿಂದ ಉಜ್ಜಿ ಸರಿಮಾಡಿದಳು.

ಗಂಟೆ ಕಟ್ಟಿದ ಹಸುವಿನ ಕರು ಮಾಯಾವಿಯ ಕೂಗಿಗೆ ಹೋಗಲಿಲ್ಲ. ಹತ್ತು ಗಂಟೆಯಾಯಿತು, ನಲವತ್ತಾಯಿತು. ಆಗ ಸವಿಗೊರಳ ಮಂಜಿನೊಳಗಿಂದ ನಡೆದು ಬಂದ. ಕಂಕುಳಲ್ಲಿ ಒಂದು ಪುಟ್ಟ ಗಡಿಗೆ ಇತ್ತು. ಹಿಂದೆ ಕೇಳಿಸಿದ್ದೆಲ್ಲ ಅಣಕ, ಇದರಲ್ಲಿರುವುದು ಮಾತ್ರ ನಿನ್ನಪ್ಪನ ನಿಜವಾದ ಹೂಂ, ಬಾ, ಗವಿಯಲ್ಲಿ ಕೂತು ಬೇಕಾದಷ್ಟು ಸಲ ಕೇಳು ಎಂದ.

"ಇದನ್ನ ಒಡೆದರೆ?" ಎಂದಳು ಕೇತಲೆ. ಅವನು ಮಾತು ಹಾರಿಸಿದ. ಇನ್ನೊಮ್ಮೆ ಕೇಳಿದಳು, ಮತ್ತೊಮ್ಮೆ ಕೇಳಿದಳು. ಮೂರನೆಯ ಸಲ ಕೇಳಿದರೆ ಮಾಯಾವಿ ಸುಳ್ಳು ಹೇಳುವಂತಿಲ್ಲ. ನಿಜವಾದ ಗಡಿಗೆ ಒಡೆದರೆ ಅಣಕದ ಗಡಿಗೆಗಳೆಲ್ಲ ಒಡೆಯುತ್ತವೆ ಎಂದು ಒಪ್ಪಿಕೊಂಡ. ಅದಕ್ಕೆ ತೆರಬೇಕಾದ ಬೆಲೆ ಏನೆಂದು ಅವಳ ಕಿವಿಯಲ್ಲಿ ಹೇಳಿದ.

ಕೇತಲೆ ಗಡಿಗೆಯನ್ನು ಕೈಗೆ ತೆಗೆದುಕೊಂಡಳು. ಒಂದು ಸಲ ಮಾತ್ರ ಅದನ್ನು ಎದೆಗೊತ್ತಿಕೊಂಡಳು. ಕಿವಿಗಿಡಲಿಲ್ಲ. ಕುಲುಮೆಯ ಕಲ್ಲಿಗೆ ಅಪ್ಪಳಿಸಿದಳು.

ಗವಿಯಲ್ಲಿ ಗಡಿಗೆಗಳು ಸಾಲಾಗಿ ಒಡೆದವು. ಕದ್ದ ದನಿಗಳೆಲ್ಲ ತಮ್ಮ ತಮ್ಮವರ ಬಳಿಗೆ ಹಾರಿದವು. ಕಳೆದುಹೋಗಿದ್ದ ಕರುಗಳು ಅಂಬಾ ಎನ್ನುತ್ತ ಗುಡ್ಡ ಇಳಿದವು. ಕೂತಿದ್ದವರು ಹೆಗಲ ಪಾಚಿ ಕೊಡವಿಕೊಂಡು ಎದ್ದರು. ದೋಣಿಯ ಮುದುಕ ಮರ ಹುಡುಕಿಕೊಂಡು ನದಿಯ ಕಡೆ ಹೋದ. ಸವಿಗೊರಳ ಕೂಗಲು ಬಾಯಿ ತೆರೆದ, ಏನೂ ಬರಲಿಲ್ಲ. ಅವನು ಅಲ್ಲೇ ಕಾವಲಿನಲ್ಲಿ ಮೂಕನಾಗಿ ದನ ಮೇಯಿಸಿಕೊಂಡು ಉಳಿದ. ಮಜ್ಜಿಗೆಗೆ ಕೊರತೆಯಾಗಲಿಲ್ಲ. ಕಾವಲಿನ ಜನ, ದನ, ಕರು ಎಲ್ಲರೂ ಸುಖವಾಗಿದ್ದರು.

ಹಬ್ಬಕ್ಕೆಂದು ಕೇತಲೆ ಮನೆಗೆ ಹೋಗಿಬರುತ್ತಿದ್ದಳು. ಅಪ್ಪ ದನದ ವಿಷಯ ಎತ್ತುತ್ತಿರಲಿಲ್ಲ. ಅವಳೂ ಎತ್ತುತ್ತಿರಲಿಲ್ಲ.

ಮೂರನೆಯ ವರ್ಷ ಮಾಚೋಜನೇ ಗಾಡಿ ಕಟ್ಟಿಸಿಕೊಂಡು ಕಾವಲಿಗೆ ಬಂದ. ನಿಮ್ಮಮ್ಮ ಹಟ ಹಿಡಿದಳು, ಅದಕ್ಕೇ ಬಂದೆ ಎಂದ. ಇಲ್ಲಿ ಒಂದು ಮರವಿಲ್ಲ, ಕೂರಲು ನೆರಳಿಲ್ಲ ಎಂದು ಗೊಣಗಿದ. ಆಮೇಲೆ ಒಂದು ಕಪಿಲೆ ಹಸುವಿನ ಕೊರಳಿಗೆ ಕೈ ಹಾಕಿ, ಗಂಟೆ ಹಿಡಿದು, ಗೆಣ್ಣಿನಿಂದ ಮೂರು ಸಲ ತಟ್ಟಿದ. ತಲೆ ಓರೆ ಮಾಡಿ ಕೇಳಿದ.

ಅವನ ಗಂಟಲು ಅಲುಗಿತು.

ಬಾಚಬ್ಬೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎರೆಯ ನಕ್ಕು ಹಸುವಿನ ಬೆನ್ನು ತಟ್ಟಿದ. ಮಾಚೋಜ ಮಗಳ ಮುಖ ನೋಡುತ್ತ ನಿಂತ.

ಕೇತಲೆಗೆ ಗಂಟೆಯ ನಾದ ಕೇಳಿಸಿತು. ಹಸು ಮೆಲುಕು ಹಾಕುವುದು, ದೂರದಲ್ಲಿ ಕರು ಕೂಗುವುದು ಕೇಳಿಸಿತು. ಅಪ್ಪನ ಗಂಟಲಿನಿಂದ ಬಂದದ್ದು ಮಾತ್ರ ಕೇಳಿಸಲಿಲ್ಲ. ಅವನು ಎಷ್ಟು ಸಲ ಹೂಂ ಅಂದರೂ ಇನ್ನು ಅದು ಅವಳಿಗೆ ಕೇಳಿಸುವುದಿಲ್ಲ. ಗಡಿಗೆಗೆ ಅವಳು ತೆತ್ತದ್ದು ಅದನ್ನೇ.

ಅಮ್ಮನ ಕಣ್ಣು ನೋಡಿ ಅವಳು ತಿಳಿದುಕೊಂಡಳು.

"ಊಟಕ್ಕೆ ಬನ್ನಿ ಅಪ್ಪ" ಎಂದಳು. "ಬಿಸಿ ಇರುವಾಗಲೇ ಉಣ್ಣಿ."