ಗ್ಲಾಸ್ ಎತ್ತುವ ಮುನ್ನ

"ನಾನು ಹೇಳಿದ್ದು ಎರಡೇ ಮಾತು. ನೀವು ಅಷ್ಟುದ್ದ ಏನ್ರೀ ಹೇಳಿದ್ದು?"

ವಧುವಿನ ತಂಗಿ, ಹಲ್ಲಿನ ಡಾಕ್ಟರ್, ಮದುವೆಯಲ್ಲಿ ಇಬ್ಬರೂ ಸೇರಿ ಹೇಳಬೇಕಿದ್ದ ಶುಭಹಾರೈಕೆಯ ಅಭ್ಯಾಸದ ಮೊದಲ ದಿನವೇ ಅವನ ಮೇಲೆ ಹೀಗೆ ಎರಗಿದ್ದಳು. ಅವಳ ಕನ್ನಡವನ್ನು ವರನ ಕಡೆಯವರ ಭಾಷೆಗೆ ತಿರುಗಿಸುವುದು ಅವನ ಕೆಲಸ.

ವರನ ಗೆಳೆಯ, ರೇಡಿಯೋದಲ್ಲಿ ಸುದ್ದಿ ಓದುವವನು, ನಕ್ಕ. "ಪದಕ್ಕೆ ಪದ ಇಟ್ರೆ ಜನ ಆಕಳಿಸ್ತಾರೆ ಡಾಕ್ಟ್ರೇ. ನೀವು ಸ್ವಲ್ಪ, ನಾನು ಸ್ವಲ್ಪ. ನಿಮ್ಮ ನಗು ನಿಮ್ಮವರಿಗೆ, ನಮ್ಮ ನಗು ನಮ್ಮವರಿಗೆ. ಕೊನೇ ಸಾಲು ಮಾತ್ರ ಅದಲುಬದಲು... ನೀವು ನಮ್ಮ ಭಾಷೇಲಿ, ನಾನು ಕನ್ನಡದಲ್ಲಿ. ಆಗ ಎಲ್ರೂ ಒಟ್ಟಿಗೆ ಗ್ಲಾಸ್ ಎತ್ತಬಹುದು."

ಮಾತು ಸರಿಯೇ. ಆದರೆ ಅರ್ಥವಾಗದ ಭಾಷೆಯಲ್ಲಿ ಇವನು ಏನು ಬೇಕಾದರೂ ಹೇಳಬಹುದಲ್ಲ!

ಮದುವೆಯ ದಿನ ಎಲ್ಲರ ಕೈಗೂ ಗ್ಲಾಸ್ ಬಂತು, ಕುಡಿಯದವರಿಗೆ ಹಣ್ಣಿನ ರಸ. ಇಬ್ಬರೂ ಒಂದೇ ಮೈಕ್ ಹಿಡಿದು ನಿಂತರು. ಮೊದಲು ಎರಡೂ ಮನೆಯ ಹಿರಿಯರಿಗೆ ನಮಸ್ಕಾರ, ಆಮೇಲೆ ಅಕ್ಕನ ತುಂಟತನದ ಕಥೆಗಳು. ಎರಡೂ ಕಡೆ ನಗು. ಆ ಹುರುಪಿನಲ್ಲಿ ಅವಳು ಅಭ್ಯಾಸದಲ್ಲಿ ಇಲ್ಲದ್ದನ್ನು ಸೇರಿಸಿಬಿಟ್ಟಳು.

"ನಮ್ಮ ಭಾವ ದೊಡ್ಡ ಕಳ್ಳ! ಹಾಡಹಗಲೇ ನಮ್ಮನೆ ಬಂಗಾರ ಹೊತ್ಕೊಂಡು ಹೊರಟಿದ್ದಾರೆ!"

ಅವಳ ಕಡೆಯವರು ಗೊಳ್ಳೆಂದರು. ಅವನು ಮಾತ್ರ ಒಂದು ಕ್ಷಣ ತಡವರಿಸಿ, ಮೆಲ್ಲಗೆ ಏನೋ ಹೇಳಿದ.

ಯಾರೂ ನಗಲಿಲ್ಲ. ವರನ ತಂದೆ ಕಣ್ಣೊರೆಸಿಕೊಂಡರು!

"ಏನಮ್ಮಾ, ನಮ್ಮನ್ನೇ ಏನಾದ್ರೂ ಆಡ್ಕೊಂಡ್ನಾ?" ಮುಂದಿನ ಸಾಲಿನಿಂದ ದೊಡ್ಡಪ್ಪ ಪಿಸುಗುಟ್ಟಿದರು.

ಅವಳು ಮೈಕ್ ಬಿಟ್ಟು ಹಿಂದೆ ಸರಿದಳು. ಮೋಸ! ಕೊನೇ ಸಾಲು ಹೇಳಲೇಬಾರದು... ಆದರೆ ಎರಡೂ ಭಾಷೆ ಬಲ್ಲ ಅಕ್ಕ, ತುಂಬಿದ ಕಣ್ಣಲ್ಲೇ, 'ಹೇಳು' ಎಂದು ತಲೆಯಾಡಿಸಿದಳು.

ಅವಳು ಕೊನೇ ಸಾಲನ್ನು ಅವರ ಭಾಷೆಯಲ್ಲಿ ತೊದಲಿದಳು. ಅವನು ಅವಳ ಅಮ್ಮನತ್ತ ತಿರುಗಿ, "ಈ ಎರಡು ಮನೆ ಒಂದಾಗಿ ಬಾಳಲಿ" ಎಂದ. ಗ್ಲಾಸುಗಳೆಲ್ಲ ಒಟ್ಟಿಗೆ ಮೇಲೆದ್ದವು.

ವೆರಾಂಡದಲ್ಲಿ ಅವನನ್ನು ಅಡ್ಡಗಟ್ಟಿದಳು. "ಅವರನ್ನ ಯಾಕೆ ಅಳಿಸಿದ್ರಿ? ನಿಜ ಹೇಳಿ!"

"ವರನ ಅಪ್ಪನಿಗೆ ಹಿಂದೆ ಕೆಲಸದಲ್ಲಿ ಕಳ್ಳತನದ ಅಪವಾದ ಬಂದಿತ್ತು. ತಪ್ಪು ಅವರದ್ದಲ್ಲ ಅಂತ ಸಾಬೀತಾಗೋಕೆ ವರ್ಷಗಳೇ ಹಿಡೀತು. ಆ ಮನೇಲಿ ಆ ಪದಾನ ತಮಾಷೆಗೂ ಆಡಲ್ಲ."

ಅವಳ ಮುಖ ಬಿಳಿಚಿಕೊಂಡಿತು. "ಅಯ್ಯೋ ದೇವ್ರೇ... ಮತ್ತೆ ಏನಂದ್ರಿ?"

"'ನಮ್ಮನೆ ಬಂಗಾರಾನ ನಿಮ್ಮನ್ನ ನಂಬಿ ಒಪ್ಪಿಸ್ತಿದ್ದೀವಿ' ಅಂದೆ. ನಿಮ್ಮನ್ನ ಕೇಳೋಕೆ ಹೊತ್ತಿರಲಿಲ್ಲ. ತಪ್ಪಾಯ್ತಾ?"

ಇವನನ್ನೇ ಅಲ್ಲವೇ ತಾನು ಅನುಮಾನಿಸಿದ್ದು!

"ನಾನು ಹೇಳಬೇಕಾಗಿದ್ದೇ ಅದು ಕಣ್ರೀ."

ಅವನು ಕತ್ತು ಬಗ್ಗಿಸಿದ. "ಇನ್ನೊಂದು ಮಾತಿದೆ. ಇದು ಯಾರ ಪರವಾಗೀನೂ ಅಲ್ಲ, ನನ್ನದೇ. ನನಗೆ... ನೀವು ತುಂಬಾ ಇಷ್ಟ."

ಅವಳು ಹುಬ್ಬೇರಿಸಿದಳು. "ಅಷ್ಟೇನಾ? ಯಾವಾಗ್ಲೂ ಉದ್ದಕ್ಕೆ ಹೇಳ್ತಿದ್ರಲ್ಲ!"

"ಉದ್ದಕ್ಕೆ ಹೇಳೋಕೆ ಹೊತ್ತು ಬೇಕು. ಕೊಡ್ತೀರಾ?"

"ಕೊಡ್ತೀನಿ," ಎಂದು ಅವಳು ಅವನ ಕೈ ಹಿಡಿದಳು.